ಬಾಟಲಿ ಹಿಡಿದ ಕೈ: ಯಾವ ದಾರಿಯಲ್ಲಿ ಬೆರಳು ನಂಬುವಂತೆ ಬರುತ್ತದೆ?

ತಿಪಟೂರು ಕಡೆಯ ಗಾಣದವರೊಬ್ಬರು ಅರ್ಧ ಲೀಟರ್ ಕೊಬ್ಬರಿ ಎಣ್ಣೆಗೆ ಪೋಸ್ಟರ್ ಕೇಳಿದ್ದರು. ತೆಂಗಿನ ತೋಟ, ಬೆಳಗಿನ ಬಿಸಿಲು, ಒಂದು ಕೈಯಲ್ಲಿ ಗಾಜಿನ ಬಾಟಲಿ, ಅಷ್ಟೇ. ತುಮಕೂರಿನಲ್ಲಿ ಕೂತು ನಾನು ಎಐ ಮಾದರಿಯಿಂದ ಮಾಡಿಸಿ ಕಳಿಸಿದ ಮೊದಲ ಚಿತ್ರ ನೋಡಿ ಅವರು ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಬೆರಳು ಐದೇ ಐತೆ ಕಣಪ್ಪ, ಆದ್ರೆ ಇವಳು ಬಾಟ್ಲಿ ಹಿಡ್ಕೊಂಡಿಲ್ಲ, ಬಾಟ್ಲಿಗೆ ಅಂಟ್ಕೊಂಡವ್ಳೆ."

ಬೆರಳು ಎಣಿಸುವುದು ಸುಲಭ, ಹಿಡಿತ ನೋಡುವುದು ಕಷ್ಟ. ಬಾಟಲಿ ಹಿಡಿದಾಗ ಬೆರಳುಗಳ ಅರ್ಧ ಭಾಗ ಬಾಟಲಿಯ ಹಿಂದೆ ಮರೆಯಾಗಿರುತ್ತದೆ. ಚಿತ್ರ ಮಾಡುವ ಮಾದರಿಗೆ ಆ ಮರೆಯ ಲೆಕ್ಕ ಗೊತ್ತಿರುವುದಿಲ್ಲ, ಹಿಂದೆ ಇರಬೇಕಾದ ಬೆರಳನ್ನೂ ಮುಂದಕ್ಕೆ ತಂದು ತೋರಿಸುತ್ತದೆ. ಇನ್ನೊಂದು ಕಾರಣ ಅಳತೆ. ನಾನು ಬಳಸುವ ಮಾದರಿಯಾದ ಎಸ್‌ಡಿಎಕ್ಸ್‌ಎಲ್ ಚಿತ್ರದ ಪ್ರತಿ ಬದಿಯನ್ನೂ ಎಂಟನೇ ಒಂದು ಪಾಲಿಗೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. 1024 ಪಿಕ್ಸೆಲ್ ಚಿತ್ರದಲ್ಲಿ ಕೈ 160 ಪಿಕ್ಸೆಲ್ ಅಗಲ ಇದ್ದರೆ ಒಳಗಡೆ ಅದಕ್ಕೆ ಸಿಗುವುದು 20 ಚೌಕ, ಒಂದೊಂದು ಬೆರಳಿಗೆ ಮೂರೋ ನಾಲ್ಕೋ. ಅಷ್ಟರಲ್ಲಿ ಗೆಣ್ಣು, ಉಗುರು ಎಲ್ಲ ಬಿಡಿಸು ಅಂದರೆ ಎಲ್ಲಿಂದ ಬಂದೀತು?

ಬರೀ ಮಾತಿನಲ್ಲಿ ಕೇಳುವ ದಾರಿಯನ್ನು ಮೊದಲು ಹೇಳಿಬಿಡುತ್ತೇನೆ, ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಪ್ರಾಂಪ್ಟಿನಲ್ಲಿ "perfect hand", ಬೇಡದ್ದನ್ನು ಬರೆಯುವ ನೆಗೆಟಿವ್‌ನಲ್ಲಿ "extra fingers" ಎಂದು ಎಷ್ಟು ತುಂಬಿದರೂ ಹಿಡಿತ ಸುಧಾರಿಸಿದ್ದು ನಾನು ಕಾಣಲಿಲ್ಲ. ಹಿಡಿತ ಹೇಗಿರಬೇಕು ಎಂದು ಬಿಡಿಸಿ ಬರೆದಾಗ ಸ್ವಲ್ಪ ವ್ಯತ್ಯಾಸ ಬಂತು:

```
right hand behind the bottle, palm toward camera,
thumb on the right edge, fingertips on the left edge
```

ಆದರೂ ಎಡ ಬಲ ಎಂಬುದು ಅದಕ್ಕೆ ನೆಟ್ಟಗೆ ತಿಳಿಯುವುದಿಲ್ಲ. ಹೆಬ್ಬೆರಳೂ ಉಳಿದ ಬೆರಳುಗಳೂ ಒಂದೇ ಬದಿಯಲ್ಲಿ ಸಾಲಾಗಿ ನಿಂತ ಚಿತ್ರಗಳೇ ಜಾಸ್ತಿ. ತೆರೆದ ಅಂಗೈ ಮೇಲೆ ಸೋಪು, ಕೊಬ್ಬರಿ ಗಿಟುಕು ಇಟ್ಟಂಥ ಚಿತ್ರವಾದರೆ ಈ ದಾರಿಯೇ ಸಾಕು. ಅಲ್ಲಿ ಬೆರಳು ಯಾವುದರ ಹಿಂದೆಯೂ ಹೋಗುವುದಿಲ್ಲ.

ಎರಡನೆಯದು ಕೆಟ್ಟ ಕೈಯನ್ನು ರಿಪೇರಿ ಮಾಡುವುದು, ಅಂದರೆ `Inpaint`: ಮಾಸ್ಕ್ ಬಳಿದು ಗುರುತಿಸಿದ ಜಾಗವನ್ನಷ್ಟೇ ಮತ್ತೆ ಬಿಡಿಸುವುದು. ಚಿತ್ರ ಉಳಿದೆಲ್ಲ ಚೆನ್ನಾಗಿ ಬಂದು ಒಂದು ಬೆರಳು ಮಾತ್ರ ಹೆಚ್ಚಾಗಿದ್ದರೆ ಇದಕ್ಕಿಂತ ಬೇಗ ಮುಗಿಯುವ ಕೆಲಸ ಇಲ್ಲ. `Only masked` ಆಯ್ಕೆ ಕಡ್ಡಾಯ. ಅದು ಕೈಯಿರುವ ತುಂಡನ್ನಷ್ಟೇ 1024ಕ್ಕೆ ಹಿಗ್ಗಿಸಿ ಬಿಡಿಸಿ, ಮತ್ತೆ ಕುಗ್ಗಿಸಿ ಜಾಗಕ್ಕೆ ಕೂರಿಸುತ್ತದೆ. ಮೇಲೆ ಹೇಳಿದ ಚೌಕಗಳ ಬಡತನ ಆಗ ನೀಗುತ್ತದೆ. ಹಳೆಯದು ಎಷ್ಟು ಬದಲಾಗಬೇಕು ಎಂದು ಹೇಳುವ `Denoising strength` 0.3ಕ್ಕಿಂತ ಕೆಳಗಿದ್ದರೆ ಆರನೇ ಬೆರಳು ಜಪ್ಪಯ್ಯ ಅಂದರೂ ಹೋಗುವುದಿಲ್ಲ. 0.7 ದಾಟಿದರೆ ಅದು ಹೋಗುತ್ತದೆ, ಆದರೆ ಬೇರೆ ಯಾರದೋ ಕೈ ಬಂದು ಕೂರುತ್ತದೆ, ಮಣಿಕಟ್ಟಿಗೆ ಹೊಂದುವುದಿಲ್ಲ. ನನಗೆ ಒಗ್ಗಿದ್ದು ಇದು: ಹೆಚ್ಚುವರಿ ಬೆರಳಿನ ಮೇಲೆ ಬಾಟಲಿಯ ಬಣ್ಣವನ್ನೇ ಬ್ರಷ್‌ನಿಂದ ಒರಟಾಗಿ ಬಳಿದು, ಆಮೇಲೆ 0.45ರ ಆಸುಪಾಸಿನಲ್ಲಿ ಓಡಿಸುವುದು. ಬೆರಳಿನ ಪಕ್ಕದ ಬಾಟಲಿಯ ಸಣ್ಣ ಅಂಚನ್ನೂ ಮಾಸ್ಕಿನೊಳಗೆ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಬೆರಳಿನ ನೆರಳು ಗಾಜಿನ ಮೇಲೆ ಬೀಳುವುದಿಲ್ಲ, ಕೈ ತೇಲಿದಂತೆ ಕಾಣುತ್ತದೆ. ಆದರೆ ಹೆಚ್ಚು ಸೇರಿಸಿದರೆ ಬಾಟಲಿಯ ಗೆರೆಯೇ ಬೆರಳಿನ ಪಕ್ಕದಲ್ಲಿ ಸೊಟ್ಟಗಾಗುತ್ತದೆ.

ರಿಪೇರಿಗೆ ಒಂದು ಮಿತಿ ಇದೆ. ಹಿಡಿತವೇ ತಪ್ಪಿದ್ದರೆ, ಹೆಬ್ಬೆರಳು ತಪ್ಪು ಬದಿಯಲ್ಲಿದ್ದರೆ, ಎಷ್ಟು ತೇಪೆ ಹಾಕಿದರೂ ಪ್ರಯೋಜನವಿಲ್ಲ. ಗಾಣದವರು ಬೈದ ಚಿತ್ರ ಇದೇ ಜಾತಿಯದು.

ಅದನ್ನು ಉಳಿಸಿದ್ದು ಮೂರನೇ ದಾರಿ: ನಿಜವಾದ ಕೈಯ ಫೋಟೊ ತೆಗೆದು, ಅದರ ಆಳದ ನಕ್ಷೆಯನ್ನು, ಚಿತ್ರದ ಆಕಾರವನ್ನು ಮಾದರಿಗೆ ಹೇಳಿಕೊಡುವ ಕಂಟ್ರೋಲ್‌ನೆಟ್‌ಗೆ ಕೊಡುವುದು. ಹತ್ತಿರದ್ದು ಬೆಳ್ಳಗೆ, ದೂರದ್ದು ಕಪ್ಪಗೆ ತೋರಿಸುವ ನಕ್ಷೆ ಅದು. ಯಾವ ಬೆರಳು ಬಾಟಲಿಯ ಮುಂದಿದೆ, ಯಾವುದು ಹಿಂದಕ್ಕೆ ಹೋಗಿದೆ ಎಂಬುದು ಅದರಲ್ಲೇ ಇರುತ್ತದೆ. ಮೊದಲು ನಾನು `openpose` ಬಳಸಿ ನೋಡಿದೆ. ಅದು ಒಂದು ಕೈಗೆ 21 ಬಿಂದು ಗುರುತಿಸುತ್ತದೆ, ಆದರೆ ಮರೆಯಾದ ಬೆರಳಿನ ಬಿಂದುಗಳನ್ನು ಅಂದಾಜಿನ ಮೇಲೆ ಹಾಕುತ್ತದೆ. ಆ ಬಿಂದು ಬಾಟಲಿಯ ಹಿಂದಿದೆ ಎಂದು ಹೇಳುವ ಉಪಾಯ ಅದರಲ್ಲಿಲ್ಲ. ಹಾಗಾಗಿ ಉಂಗುರದ ಬೆರಳು ಗಾಜನ್ನು ತೂರಿಕೊಂಡು ಲೇಬಲ್ ಮೇಲೆ ಎದ್ದುಬಂತು. ಬರಿಗೈ ನಮಸ್ಕಾರಕ್ಕೆ ಅದು ಪರವಾಗಿಲ್ಲ, ವಸ್ತು ಹಿಡಿದ ಕೈಗೆ `depth` ಒಂದೇ ಸರಿ.

ಫೋಟೊಗೆ ನನ್ನ ತಂಗಿಯ ಕೈ, ಫೋನಿನ ಕ್ಯಾಮೆರಾ, ಕಿಟಕಿಯ ಬೆಳಕು ಸಾಕಾಯಿತು. ತೊಂದರೆ ಕೊಟ್ಟಿದ್ದು ಗಾಜು. ಪಾರದರ್ಶಕ ಬಾಟಲಿ ಇದ್ದರೆ ನಕ್ಷೆ ಮಾಡುವ ಸಾಧನ ಗಾಜಿನಾಚೆಯ ಗೋಡೆಯನ್ನೇ ನೋಡಿಬಿಡುತ್ತದೆ, ಬಾಟಲಿ ಇರುವ ಕಡೆ ತೂತು ಬಿದ್ದಂತಾಗುತ್ತದೆ. ಬಾಟಲಿಗೆ ಬಿಳಿ ಕಾಗದ ಸುತ್ತಿ ಮತ್ತೆ ತೆಗೆದಾಗ ನಕ್ಷೆ ಸ್ಪಷ್ಟವಾಯಿತು. (ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದಲ್ಲ, ಧನುರ್ಮಾಸದ ಬೆಳಗಾಗಿದ್ದರೆ ಕಾಗದವೂ ಬೇಕಿರಲಿಲ್ಲ.) ನಕ್ಷೆಯ ಮಾತು ಎಷ್ಟು ಬಲವಾಗಿ ನಡೆಯಬೇಕು ಎನ್ನುವ `Control Weight` 0.75, ಎಲ್ಲಿಯವರೆಗೆ ನಡೆಯಬೇಕು ಎನ್ನುವ `Ending Control Step` 0.65 ಇಟ್ಟೆ. ಎರಡನ್ನೂ 1ಕ್ಕೆ ಏರಿಸಿದರೆ ತಂಗಿಯ ಬಳೆ, ಕಾಗದದ ಮಡಿಕೆ ಸಮೇತ ಅಚ್ಚಾಗುತ್ತದೆ. ತೀರಾ ಇಳಿಸಿದರೆ ಮಾದರಿ ತನ್ನ ಹಳೇ ಚಾಳಿಗೆ ಮರಳುತ್ತದೆ.

ಬಂದ ಚಿತ್ರವನ್ನು ಪರೀಕ್ಷಿಸುವಾಗ ಅದೇ ಬಾಟಲಿಯನ್ನು ಕೈಯಲ್ಲಿ ಹಿಡಿದು ಪಕ್ಕದಲ್ಲಿಟ್ಟು ನೋಡುತ್ತೇನೆ. ನಮ್ಮ ಬಾಟಲಿಯ ಅಡ್ಡಳತೆ ಸುಮಾರು 6.5 ಸೆಂಟಿಮೀಟರ್, ಅಂದರೆ ಸುತ್ತಳತೆ 20ಕ್ಕಿಂತ ಸ್ವಲ್ಪ ಹೆಚ್ಚು. ತಂಗಿಯ ಹೆಬ್ಬೆರಳು ಮತ್ತು ನಡುಬೆರಳಿನ ತುದಿ ಅದರ ಸುತ್ತ ಕೂಡುವುದಿಲ್ಲ. ಚಿತ್ರದಲ್ಲಿ ಕೂಡಿದ್ದರೆ ಬೆರಳು ಉದ್ದವಾಗಿದೆ, ಇಲ್ಲವೇ ಬಾಟಲಿ ಸಣಕಲಾಗಿದೆ. ಬಲಗೈ ಅಂಗೈ ನಮ್ಮ ಕಡೆಗಿದ್ದು ಬೆರಳು ಮೇಲ್ಮುಖವಾಗಿದ್ದರೆ ಹೆಬ್ಬೆರಳು ನಮ್ಮ ಬಲಕ್ಕೇ ಇರಬೇಕು. ಅದರಲ್ಲಿ ತುದಿಯಿಂದ ಬುಡದವರೆಗೆ ಎರಡೇ ಮೂಳೆ, ಉಳಿದ ಬೆರಳುಗಳಿಗೆ ಮೂರು. ಹೆಬ್ಬೆರಳಿಗೆ ಒಂದು ಮಡಿಕೆ ಹೆಚ್ಚಾದರೂ ಅದು ತೋರುಬೆರಳಿನಂತೆ ಕಾಣಲು ಶುರುವಾಗುತ್ತದೆ, ಕಾರಣ ಗೊತ್ತಾಗದೆ ಕಣ್ಣು ಕಸಿವಿಸಿಗೊಳ್ಳುತ್ತದೆ. ಒತ್ತಿ ಹಿಡಿದ ಬೆರಳ ತುದಿ ಗಾಜಿನ ಮೇಲೆ ಕೊಂಚ ಚಪ್ಪಟೆಯಾಗಿರಬೇಕು. "ಅಂಟ್ಕೊಂಡವ್ಳೆ" ಅಂದಿದ್ದು ಇದಕ್ಕೇ: ಆ ಚಿತ್ರದಲ್ಲಿ ತುದಿಗಳೆಲ್ಲ ದುಂಡಗೆ, ಭಾರವೇ ಇಲ್ಲದಂತೆ ಇದ್ದವು.

ಎರಡು ಫೋಟೊ ಕೊಟ್ಟು "ಈ ಬಾಟಲಿಯನ್ನು ಈ ಕೈಯಲ್ಲಿ ಹಿಡಿಸು" ಎಂದು ಬರೆದರೆ ಮಾಡಿಕೊಡುವ ಆನ್‌ಲೈನ್ ಸೇವೆಯೊಂದನ್ನೂ ನೋಡಿದೆ. ಬೆರಳು ಚೆನ್ನಾಗಿಯೇ ಬಂದವು, ಕ್ಷಣದಲ್ಲಿ ಬಂದವು. ಆದರೆ ಮುಚ್ಚಳದ ಆಕಾರ ಬದಲಾಯಿತು, ಅರ್ಧ ಲೀಟರ್ ಬಾಟಲಿ ಒಂದು ಲೀಟರಿನಷ್ಟಾಯಿತು. ಮಾರುವ ವಸ್ತುವೇ ಬೇರೆಯಾದರೆ ಕೈ ಚೆನ್ನಾಗಿದ್ದೂ ಏನು ಬಂತು? ಗ್ರಾಹಕರಿಗೆ ಕಚ್ಚಾ ಐಡಿಯಾ ತೋರಿಸುವುದಕ್ಕೆ ಅದನ್ನು ಇಟ್ಟುಕೊಂಡಿದ್ದೇನೆ.

ಲೇಬಲ್ ಮಾತ್ರ ಯಾವ ದಾರಿಯಲ್ಲೂ ಮಾದರಿಗೆ ಬಿಡುವುದಿಲ್ಲ, ಕನ್ನಡ ಅಕ್ಷರದ ಒತ್ತು ದೀರ್ಘ ಎಲ್ಲ ಕಲಸಿಹೋಗುತ್ತದೆ. ಖಾಲಿ ಬಾಟಲಿ ಬರಿಸಿಕೊಂಡು, ಅಸಲಿ ಲೇಬಲ್ಲನ್ನು ಬೇರೆ ಲೇಯರಿನಲ್ಲಿ ಬಾಟಲಿಯ ದುಂಡಿಗೆ ಬಗ್ಗಿಸಿ ಕೂರಿಸುತ್ತೇನೆ. ಬೆರಳ ತುದಿಗಳನ್ನು ಕತ್ತರಿಸಿ ಅದರ ಮೇಲಿನ ಲೇಯರಿಗೆ ತಂದು, ಕೆಳಗೆ ಮೂರು ನಾಲ್ಕು ಪಿಕ್ಸೆಲ್ ಮಸುಕು ನೆರಳು ಕೊಡುತ್ತೇನೆ. ಗಾಣದವರು ಒಪ್ಪಿದ ಪೋಸ್ಟರಿನಲ್ಲಿ ಕಿರುಬೆರಳು ಕಾಣುವುದೇ ಇಲ್ಲ, ಅದು ಬಾಟಲಿಯ ತಳಕ್ಕೆ ಆನಿಕೊಂಡಿದೆ. ತಂಗಿ ಹಿಡಿದಿದ್ದೇ ಹಾಗೆ.