ಡಬ್ಬದ ಮೇಲಿನ 120 ನಂಬಿ ಪಿಎಸ್5ಗೆ ಟಿವಿ ತಗೋಬೇಡಿ

ಹಾಸನದಲ್ಲಿ ಈ ಹಬ್ಬದ ಆಫರ್‌ನಲ್ಲಿ ಪಿಎಸ್5ಗೋಸ್ಕರ ದೊಡ್ಡ ಟಿವಿ ತಗೋಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿಕೊಂಡು ಅಂಗಡಿಗೆ ಹೋಗಿ. ನಮ್ಮ ಮನೆಯಲ್ಲಿ ಆಗಿದ್ದು ಇನ್ನೊಬ್ಬರಿಗೆ ಆಗಬಾರದು.

ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ 55 ಇಂಚಿನ ಟಿವಿ ತಗೊಂಡೆವು. ಆಡುವವನು ನನ್ನ ತಮ್ಮ, ಅವನಿಗೆ ಬೇಕಾಗಿದ್ದು ಒಂದೇ. 4ಕೆಯಲ್ಲಿ 120 ಹರ್ಟ್ಸ್ ತಗೊಳ್ಳುವ ಟಿವಿ. ಅದನ್ನೇ ಬಾಯಿಬಿಟ್ಟು ಕೇಳಿದೆವು. ಅಂಗಡಿಯವರು ಡಬ್ಬ ತಿರುಗಿಸಿ ದಪ್ಪ ಅಕ್ಷರದಲ್ಲಿದ್ದ 120 ತೋರಿಸಿ, "ನೋಡಿ ಸಾರ್, ಇಲ್ಲೇ ಹಾಕಿದ್ದಾರಲ್ಲ, ಗೇಮಿಂಗ್‌ಗೇ ಅಂತ ಬಂದಿರೋ ಪೀಸು" ಅಂದರು. ಪೆನ್ ಡ್ರೈವ್‌ನಲ್ಲಿ ಕ್ರಿಕೆಟ್ ಹಾಕಿ ತೋರಿಸಿದರು. ಚೆಂಡು ಬೆಣ್ಣೆ ಹಾಗೆ ಜಾರಿಕೊಂಡು ಹೋಗುತ್ತಿತ್ತು.

ಈಗ 120 ಯಾಕೆ ಬೇಕಿತ್ತು ಅಂತ ಹೇಳಿಬಿಡುತ್ತೇನೆ, ಅಂಗಡಿಯಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ತಮ್ಮ ಆಡುವುದು ಹೊರೈಜನ್ ಫರ್ಬಿಡನ್ ವೆಸ್ಟ್. ಅದರಲ್ಲಿ ಮೊದಲು ಎರಡೇ ಮೋಡ್ ಇತ್ತು. Resolution ಅಂದರೆ ಚಿತ್ರ ತುಂಬಾ ಚೊಕ್ಕ, ಆದರೆ ಸೆಕೆಂಡಿಗೆ 30 ಫ್ರೇಮ್ ಮಾತ್ರ, ಕ್ಯಾಮೆರಾ ಬೇಗ ತಿರುಗಿಸಿದರೆ ಕುಕ್ಕಿದ ಹಾಗೆ ಕಾಣುತ್ತದೆ. Performance ಅಂದರೆ 60 ಫ್ರೇಮ್, ಓಟ ನುಣುಪು, ಆದರೆ ದೂರದ ಎಲೆ, ಹುಲ್ಲು ಎಲ್ಲ ಸ್ವಲ್ಪ ಮಂಕು. 2022ರಲ್ಲಿ ಅಪ್‌ಡೇಟ್ ಕೊಟ್ಟು Balanced ಅಂತ ಮೂರನೆಯದು ಸೇರಿಸಿದರು. ಅದು 40 ಫ್ರೇಮ್. ಬರೀ ಹತ್ತು ಜಾಸ್ತಿ ಅಲ್ವಾ ಅನಿಸಬಹುದು, ಆದರೆ ಸಮಯದ ಲೆಕ್ಕ ಹಾಕಿ ನೋಡಿ. 30ರಲ್ಲಿ ಒಂದು ಫ್ರೇಮ್ ಸುಮಾರು 33.3 ಮಿಲಿಸೆಕೆಂಡ್ ನಿಲ್ಲುತ್ತದೆ, 60ರಲ್ಲಿ 16.7, 40ರಲ್ಲಿ 25. ಅಂದರೆ 40 ಸರಿಯಾಗಿ ಎರಡರ ನಡುವೆ ಕೂರುತ್ತದೆ. ಚಿತ್ರದ ಚೊಕ್ಕತನ ಹೆಚ್ಚುಕಮ್ಮಿ ಉಳಿಯುತ್ತದೆ, ಕೈಗೂ ಹಗುರ. ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್‌ಗೂ 2021ರಲ್ಲೇ ಇಂಥದ್ದೇ 40 ಫ್ರೇಮ್ ಆಯ್ಕೆ ಬಂತು.

ಆದರೆ ಇದಕ್ಕೆ 120 ಹರ್ಟ್ಸ್ ಟಿವಿ ಬೇಕೇ ಬೇಕು. ಸಾಮಾನ್ಯ ಟಿವಿ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಯಿಸುತ್ತದೆ. 30 ಫ್ರೇಮ್ ಬಂದರೆ ಒಂದೊಂದನ್ನು ಎರಡೆರಡು ಸಲ ತೋರಿಸಿದರೆ ಆಯಿತು, 60 ಬಂದರೆ ಒಂದೊಂದು ಸಲ. 40 ಬಂದರೆ ಒಂದೂವರೆ ಸಲ ತೋರಿಸಬೇಕು, ಅದು ಆಗುವ ಮಾತಲ್ಲ. ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ಅಂತ ತೋರಿಸಬೇಕಾಗುತ್ತದೆ, ಕಣ್ಣಿಗೆ ಎಡವಿದ ಹಾಗೆ ಕಾಣುತ್ತದೆ. 120 ಆದರೆ ಪ್ರತಿ ಫ್ರೇಮ್ ಮೂರು ಸಲ, ಲೆಕ್ಕ ಚುಕ್ತಾ. ಅದಕ್ಕೇ 60 ಹರ್ಟ್ಸ್ ಟಿವಿಯಲ್ಲಿ ಗೇಮ್ ಆ ಮೋಡನ್ನು ಕೊಡುವುದೇ ಇಲ್ಲ.

ಮನೆಗೆ ತಂದು ಗೋಡೆಗೆ ಹಾಕಿಸಿ ಗೇಮ್ ಶುರು ಮಾಡಿದ ಮೇಲೆ ತಮ್ಮ ಗ್ರಾಫಿಕ್ಸ್ ಸೆಟ್ಟಿಂಗ್ ತೆಗೆದು ಸುಮ್ನೆ ಕೂತುಬಿಟ್ಟ. "ಅಣ್ಣಾ, ಬ್ಯಾಲೆನ್ಸ್ಡ್ ಸಿಗ್ತಾನೇ ಇಲ್ಲ" ಅಂದ. ಜೊತೆಗೆ ಬಂದಿದ್ದ ಕೇಬಲ್ಲೇ ಹಾಕಿದ್ದೆವು, ಟಿವಿಯ ಬೇರೆ ಬೇರೆ ಪೋರ್ಟ್‌ಗೂ ಹಾಕಿ ನೋಡಿದೆವು. ಆಮೇಲೆ ಪಿಎಸ್5ನ Settings ಒಳಗೆ Screen and Video, ಅಲ್ಲಿ Video Output Information ತೆಗೆದು ನೋಡಿದರೆ ಉತ್ತರ ಅಲ್ಲೇ ಇತ್ತು. 4ಕೆ, ಅಂದರೆ 3840 x 2160ಗೆ 60Hz ಅಷ್ಟೇ.

ಹಾಗಾದರೆ ಡಬ್ಬದ ಮೇಲಿನ 120 ಏನು? ಅದರ ಪಕ್ಕದಲ್ಲಿದ್ದದ್ದು 'ಮೋಷನ್' ಅನ್ನುವ ಪದ, 'ರಿಫ್ರೆಶ್ ರೇಟ್' ಅಲ್ಲ. ಎರಡು ಫ್ರೇಮ್ ನಡುವೆ ಟಿವಿ ತಾನೇ ಚಿತ್ರ ಕಟ್ಟಿ ತುಂಬಿಸುವ ತಂತ್ರಕ್ಕೆ ಕಂಪನಿಯವರು ಕೊಟ್ಟುಕೊಂಡ ಅಂಕಿ ಅದು. ಪ್ಯಾನೆಲ್ 60ರದ್ದೇ. ಅಂಗಡಿಯಲ್ಲಿ ಕ್ರಿಕೆಟ್ ಅಷ್ಟು ನುಣುಪಾಗಿ ಕಂಡಿದ್ದೂ ಇದೇ ತಂತ್ರದಿಂದ. ಗೇಮ್‌ಗೆ ಇದು ಕೆಲಸಕ್ಕೆ ಬಾರದು. ನಡುವಿನ ಚಿತ್ರ ಕಟ್ಟಬೇಕಾದರೆ ಮುಂದಿನ ಫ್ರೇಮ್ ಬರುವವರೆಗೆ ಟಿವಿ ಕಾಯಬೇಕು, ಅಷ್ಟು ಹೊತ್ತು ನೀವು ಒತ್ತಿದ ಬಟನ್ ಪರದೆಗೆ ಬರುವುದು ತಡವಾಗುತ್ತದೆ. Resolution ಮೋಡ್ ಜೊತೆ ಅದನ್ನು ಆನ್ ಮಾಡಿ ನೋಡಿದೆವು. ಯಂತ್ರಪ್ರಾಣಿ ಎಗರಿ ಬರುವಾಗ ತಮ್ಮ ಪಕ್ಕಕ್ಕೆ ಉರುಳುವ ಬಟನ್ ಒತ್ತಿದ್ದಾನೆ, ಗೇಮಿನ ನಾಯಕಿ ಏಲಾಯ್ ಇನ್ನೂ ನಿಂತೇ ಇದ್ದಾಳೆ, ಏಟು ಬಿದ್ದ ಮೇಲೆ ಉರುಳುತ್ತಾಳೆ. ಓಡುವಾಗ ಅವಳ ಕೂದಲಿನ ಸುತ್ತ ಕಲಸಿದ ಹಾಗೆ ಒಂದು ಅಂಚು ಬೇರೆ. ನಮ್ಮ ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ಈ ತಂತ್ರ ತಾನಾಗಿ ಆಫ್ ಆಗುತ್ತದೆ, ಆಗ ಉಳಿಯುವುದು ಬರೀ 60.

ವಾಪಸ್ ಹೋಗಿ ಕೇಳಿದರೆ, "ಡಬ್ಬ ಒಡೆದಿದೆ ಸಾರ್, ಟಿವಿಲಿ ಏನೂ ತೊಂದ್ರೆ ಇಲ್ವಲ್ಲ" ಅಂತ ಒಂದೇ ಮಾತು. ಕಂಪನಿಯಿಂದ ಬಂದವರೂ ಆನ್ ಮಾಡಿ ನೋಡಿ, ದೋಷ ಇಲ್ಲ ಅಂತ ಬರೆದುಕೊಂಡು ಹೋದರು. ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬಿಟ್ಟರೆ ಬೇರೇನೂ ಇಲ್ಲ. ಆ 120 ಬಾಯಿಮಾತು ಆಗಿಹೋಯಿತು. ಗೊತ್ತಿದ್ದೂ ಹೀಗೆ ಮಾರುವುದು ಅನ್ಯಾಯ. ಗೊತ್ತಿಲ್ಲದೆ ಮಾರುವುದಾದರೆ, ಇಷ್ಟು ದುಡ್ಡಿನ ಸಾಮಾನು ಮಾರುವವರು ತಿಳಿದುಕೊಂಡಾದರೂ ಮಾರಬೇಕು.

ಇನ್ನೆರಡು ಅಂಗಡಿಗಳಲ್ಲಿ ಕೇಳಿದ ಮಾತುಗಳನ್ನೂ ಹೇಳುತ್ತೇನೆ. ಒಂದು ಕಡೆ "ಎಚ್‌ಡಿಎಂಐ 2.1 ಇದೆ, ಎಲ್ಲಾ ಬರುತ್ತೆ" ಅಂದರು. ಬಂದೇ ಬರುತ್ತೆ ಅಂತಿಲ್ಲ. 2.1ರಲ್ಲಿ 4ಕೆ 120 ಕಡ್ಡಾಯ ಅಲ್ಲ, ಬೇರೆ ಒಂದೆರಡು ಸೌಲಭ್ಯ ಇದ್ದರೂ ಆ ಹೆಸರು ಹಾಕಿಕೊಳ್ಳಬಹುದು. ಇನ್ನೊಂದು ಕಡೆ "ವಿಆರ್‌ಆರ್ ಇದೆ, 60 ಆದ್ರೂ ಅಡ್ಜಸ್ಟ್ ಆಗುತ್ತೆ" ಅಂದರು. ವಿಆರ್‌ಆರ್ ಅಂದರೆ ಗೇಮಿನ ಫ್ರೇಮಿಗೆ ತಕ್ಕ ಹಾಗೆ ಪರದೆ ತನ್ನ ವೇಗ ಬದಲಾಯಿಸಿಕೊಳ್ಳುವುದು, ಆದರೆ ಪಿಎಸ್5ನಲ್ಲಿ ಅದು ಕೆಲಸ ಮಾಡುವುದು 48ರಿಂದ 120ರವರೆಗೆ, 40 ಅದರ ಕೆಳಗೆ ಬೀಳುತ್ತದೆ. ಇನ್ನು ಕೆಲವು ಟಿವಿ 120 ತಗೊಳ್ಳುತ್ತವೆ, ಆದರೆ 1080ಪಿಯಲ್ಲಿ ಮಾತ್ರ. ಚೊಕ್ಕ ಚಿತ್ರಕ್ಕೆ ಅಂತ ಟಿವಿ ತಂದು 1080ಪಿಯಲ್ಲಿ ಆಡಿದರೆ ಏನು ಬಂತು?

ನೋಡಬೇಕಾದ್ದು ಡಬ್ಬವೂ ಅಲ್ಲ, ಡೆಮೋವೂ ಅಲ್ಲ. ಮಾಡೆಲ್ ನಂಬರ್ ಪೂರ್ತಿ ಬರೆದುಕೊಳ್ಳಿ, ಕೊನೆಯ ಅಕ್ಷರ ಕೂಡ ಬಿಡದೆ. ಕಂಪನಿಯ ಸೈಟಿನಿಂದ ಅದರ ಮ್ಯಾನುವಲ್ ಇಳಿಸಿಕೊಳ್ಳಿ. ಅದರಲ್ಲಿ ಎಚ್‌ಡಿಎಂಐಗೆ ಯಾವ ಯಾವ ಸಿಗ್ನಲ್ ಬರುತ್ತದೆ ಅಂತ ಪಟ್ಟಿ ಹುಡುಕಿ, 3840 x 2160 ಇರುವ ಸಾಲಿನಲ್ಲಿ 120 ಇದೆಯಾ, ಯಾವ ಪೋರ್ಟಿನಲ್ಲಿ ಇದೆ ಅಂತ ನೋಡಿ. ಎಷ್ಟೋ ಟಿವಿಗಳಲ್ಲಿ ಎಲ್ಲಾ ಪೋರ್ಟಿಗೂ ಇರುವುದಿಲ್ಲ. ಸಾಧ್ಯವಾದರೆ ಪಿಎಸ್5 ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ, ಡಿಸ್‌ಪ್ಲೇಗೆ ಇಟ್ಟ ಟಿವಿಗೆ ಚುಚ್ಚಿ Video Output Information ತೆಗೆಯಿರಿ, ಐದು ನಿಮಿಷದ ಕೆಲಸ. ಬೇಡ ಅಂದರೆ ಆ ಅಂಗಡಿ ಬಿಟ್ಟುಬಿಡಿ. ದುಡ್ಡು ಕೊಡುವ ಮುಂಚೆ ಬಿಲ್ಲಿನ ಮೇಲೆ "4ಕೆ 120 ಹರ್ಟ್ಸ್ ಇನ್‌ಪುಟ್" ಅಂತ ಬರೆಸಿ, ಸೀಲು ಹಾಕಿಸಿಕೊಳ್ಳಿ.

ಇನ್ನೊಂದು ಮಾತು, ನೀವು ಯಾವಾಗಲೂ Performance ಮೋಡಿನಲ್ಲೇ ಆಡುವವರಾದರೆ, 60 ಫ್ರೇಮ್‌ಗೆ ಒಳ್ಳೆಯ 60 ಹರ್ಟ್ಸ್ ಟಿವಿ ಸಾಕು, 120ಕ್ಕೆ ಅಂತ ಜಾಸ್ತಿ ಕೊಡಬೇಡಿ. 40 ಫ್ರೇಮ್ ಮೋಡ್ ಬೇಕು ಅನ್ನುವವರಿಗೆ ಮಾತ್ರ ಈ ಹುಡುಕಾಟ.

ನಾವು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಡಬ್ಬದ ಆ ಬದಿಯ ಫೋಟೋ, ಪಿಎಸ್5 ಪರದೆಯ ಫೋಟೋ, ಬಿಲ್ಲು, ಮೂರನ್ನೂ ತೆಗೆದಿಟ್ಟಿದ್ದೇವೆ. ಇದೇ ರೀತಿ ತಗೊಂಡವರು ಇದ್ದರೆ ಡಬ್ಬ ಗುಜರಿಗೆ ಹಾಕಬೇಡಿ, ಮೊದಲು ಫೋಟೋ ತೆಗೆದುಕೊಳ್ಳಿ.