ತೊಟ್ಟಿಮನೆಯ ಗಾಜು, ಮೂರು ಮಳೆಗಾಲ: ತ್ರೀ.ಜೆಎಸ್ ಬಳಸಿದವನ ವಿಮರ್ಶೆ

ಐದಕ್ಕೆ ನಾಲ್ಕು ನಕ್ಷತ್ರ. ಹೋದ ಒಂದು ನಕ್ಷತ್ರ ಪೂರ್ತಿ ಗಾಜಿನ ಲೆಕ್ಕಕ್ಕೆ. ಅದರಲ್ಲೂ ಅರ್ಧ ತಪ್ಪು ನನ್ನದೇ ಅಂತ ಆಮೇಲೆ ಗೊತ್ತಾಯ್ತು.

ಶಿವಮೊಗ್ಗದಲ್ಲಿ ಕೂತು, ಕಟ್ಟಬೇಕಾದ ಮನೆಯೊಳಗೆ ಫೋನಿನಲ್ಲೇ ಓಡಾಡಿ ನೋಡುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಬ್ರೌಸರ್‌ನಲ್ಲೇ ತೆರೆಯಬೇಕು, ಆ್ಯಪ್ ಹಾಕಿಸಿದರೆ ಗಿರಾಕಿ ನೋಡುವುದೇ ಇಲ್ಲ. ಹಾಗಾಗಿ ಮೂರು ವರ್ಷದಿಂದ ತ್ರೀ.ಜೆಎಸ್, ಬ್ರೌಸರ್‌ನಲ್ಲಿ ಮೂರು ಆಯಾಮದ ಚಿತ್ರ ಬರೆಯುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಗೋಡೆ, ಹೆಂಚು, ಕೆಂಪು ಗಾರೆನೆಲ, ಮರದ ಕಂಬ ಯಾವುದೂ ತಕರಾರು ಮಾಡಲಿಲ್ಲ. ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರ ತೊಟ್ಟಿಮನೆ ಬಂದಾಗ ಮಾತ್ರ ಸಿಕ್ಕಿಬಿದ್ದೆ. ಹಳೇ ಮನೆಯ ಬಣ್ಣದ ಗಾಜಿನ ಕಿಟಕಿಗಳನ್ನು ಉಳಿಸಿಕೊಂಡು, ತೊಟ್ಟಿಯ ಒಂದು ಬದಿಗೆ ಒಂಬತ್ತು ಮೀಟರ್ ಉದ್ದದ ಗಾಜಿನ ಗೋಡೆ, ಮಹಡಿಗೆ ಗಾಜಿನ ಕಟಕಟೆ. ಜಗುಲಿಯಲ್ಲಿ ಕೂತು ಮೊದಲ ಸಲ ತೋರಿಸಿದಾಗ ಯಜಮಾನರ ತಾಯಿ ಫೋನನ್ನು ಸ್ವಲ್ಪ ತಿರುಗಿಸಿ, "ಎಂತ ಮಾರಾಯ ಇದು, ಈಗ ಇದ್ದ ಕಿಟಕಿ ಎಲ್ಲಿ ಹೋಯ್ತು?" ಅಂದರು. ಇನ್ನೊಂಚೂರು ತಿರುಗಿಸಿದರೆ ಕಿಟಕಿ ವಾಪಸ್ ಬಂತು.

ಒಳಗೆ ಆಗುತ್ತಿದ್ದುದು ಇಷ್ಟು. ಗೋಡೆ ಮರದಂಥ ಘನ ವಸ್ತುಗಳನ್ನು ಯಾವ ಕ್ರಮದಲ್ಲಿ ಬರೆದರೂ, ಪ್ರತಿ ಪಿಕ್ಸೆಲ್‌ನ ದೂರ ನೆನಪಿಡುವ ಡೆಪ್ತ್ ಬಫರ್ ಸರಿಮಾಡಿಕೊಳ್ಳುತ್ತದೆ, ಮುಂದಿದ್ದದ್ದು ಉಳಿಯುತ್ತದೆ. ಗಾಜಿನಲ್ಲಿ ಹಿಂದಿನದೂ ಉಳಿಯಬೇಕಲ್ಲ, ಅದಕ್ಕೆ ದೂರದ್ದನ್ನು ಮೊದಲು, ಹತ್ತಿರದ್ದನ್ನು ಕೊನೆಗೆ ಬರೆಯಬೇಕು. ತ್ರೀ.ಜೆಎಸ್ ಈ ಸಾಲು ಹಚ್ಚುವ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಒಂದು ವಸ್ತುವಿಗೆ ಒಂದೇ ಬಿಂದು ಹಿಡಿದು ಮಾಡುತ್ತದೆ: ಹಳೇ ಆವೃತ್ತಿಗಳಲ್ಲಿ ವಸ್ತುವಿನ ಮೂಲಬಿಂದು, ಈಚಿನವುಗಳಲ್ಲಿ ಅದನ್ನು ಸುತ್ತುವರಿದ ಗೋಳದ ಕೇಂದ್ರ.

ಒಂಬತ್ತು ಮೀಟರ್ ಗೋಡೆಗೆ ಇದು ಹೇಗೆ ಕೈಕೊಡುತ್ತದೆ ನೋಡಿ. ಗೋಡೆಯ ಒಂದು ತುದಿಯ ಪಕ್ಕದಲ್ಲಿ, ಅದರಿಂದ ಒಂದು ಮೀಟರ್ ಈಚೆ ನಿಂತು, ಗೋಡೆಯ ಉದ್ದಕ್ಕೂ ಮುಂದೆ ನೋಡುತ್ತಿದ್ದೇನೆ. ಗೋಡೆಯ ಕೇಂದ್ರ ನನ್ನಿಂದ ನಾಲ್ಕೂವರೆ ಮೀಟರ್ ಮುಂದೆ. ಗೋಡೆಯ ಆಚೆ ಬದಿಗೆ ಒಂದು ಮೀಟರ್ ಸರಿದು, ಮೂರು ಮೀಟರ್ ಮುಂದೆ ಒಂದು ಕೆಂಪು ಗಾಜಿನ ಕಿಟಕಿ ಇದೆ. ಕಣ್ಣಿನಿಂದ ಕಿಟಕಿಗೆ ಗೆರೆ ಎಳೆದರೆ ಅದು ಗೋಡೆಯನ್ನು ಒಂದೂವರೆ ಮೀಟರ್‌ನಲ್ಲೇ ದಾಟುತ್ತದೆ, ಅಂದರೆ ಗೋಡೆ ಮುಂದೆ, ಕಿಟಕಿ ಹಿಂದೆ. ರೆಂಡರರ್ ಮಾತ್ರ ಮೂರು ಮತ್ತು ನಾಲ್ಕೂವರೆಯನ್ನು ಹೋಲಿಸಿ ಕಿಟಕಿಯೇ ಹತ್ತಿರ ಅಂತ ತೀರ್ಮಾನಿಸಿ, ಗೋಡೆಯನ್ನು ಮೊದಲು ಬರೆಯುತ್ತದೆ. ಅದರ ಮೇಲೆ, ಪಾರದರ್ಶಕ ಮೆಟೀರಿಯಲ್‌ಗೂ `depthWrite` ತಾನಾಗಿ `true` ಇರುತ್ತದೆ. ಗೋಡೆ ತನ್ನ ದೂರವನ್ನು ಬಫರ್‌ನಲ್ಲಿ ಬರೆದಿಟ್ಟಾಗಿದೆ, ಹಿಂದಿರುವ ಕಿಟಕಿ ಅಲ್ಲಿ ತಿರಸ್ಕೃತ. ಅಮ್ಮನವರ ಕಿಟಕಿ ಹೋಗಿದ್ದು ಹಾಗೆ.

ಲಕ್ಷಣ ನೋಡಿಯೇ ರೋಗ ಹೇಳಬಹುದು ಅಂತ ಈಗ ಅನಿಸುತ್ತದೆ. ಹಿಂದಿನ ಗಾಜು ಪೂರ್ತಿ ಮಾಯವಾದರೆ `depthWrite`. ಮಾಯವಾಗದೆ, ಕ್ಯಾಮೆರಾ ಒಂದು ಕೋನ ದಾಟಿದ ತಕ್ಷಣ ಬಣ್ಣ ಟಕ್ಕನೆ ಬದಲಾದರೆ ಕೇಂದ್ರಗಳ ಸಾಲು ಅದಲುಬದಲಾಗಿದೆ. ಒಂದು ದಿಕ್ಕಿನಿಂದ ಯಾವಾಗಲೂ ಸರಿ, ಎದುರು ದಿಕ್ಕಿನಿಂದ ಯಾವಾಗಲೂ ತಪ್ಪು ಅಂತಾದರೆ ಹಲವು ಗಾಜು ಒಂದೇ ಮೆಶ್‌ನಲ್ಲಿ, ಅಂದರೆ ತ್ರಿಕೋನಗಳ ಒಂದೇ ಕಟ್ಟಿನಲ್ಲಿ, ಸೇರಿಕೊಂಡಿವೆ. ಮೆಶ್‌ನ ಒಳಗಿನ ತ್ರಿಕೋನಗಳನ್ನು ಯಾರೂ ಸಾಲು ಹಚ್ಚುವುದಿಲ್ಲ, ಫೈಲಿನಲ್ಲಿದ್ದ ಕ್ರಮದಲ್ಲೇ ಬರೆಯಲ್ಪಡುತ್ತವೆ. ಕಟಕಟೆಯಲ್ಲಿ ನನಗಾಗಿದ್ದು ಇದು. ಡ್ರಾ ಕಾಲ್, ಅಂದರೆ ಗ್ರಾಫಿಕ್ಸ್ ಚಿಪ್‌ಗೆ ಕೊಡುವ ಒಂದೊಂದು ಬರೆಯುವ ಆಜ್ಞೆ, ಉಳಿಸುವ ಜಾಣತನಕ್ಕೆ ಮನೆಯ ಸುತ್ತಲಿನ ಕಟಕಟೆಯನ್ನೆಲ್ಲ ನಾನೇ ಒಂದು ಮೆಶ್ ಮಾಡಿಟ್ಟಿದ್ದೆ.

ಪರಿಹಾರ ಬಡಗಿಯ ಹತ್ತಿರವೇ ಇತ್ತು. ಒಂಬತ್ತು ಮೀಟರ್ ಗಾಜು ಒಂದೇ ತುಂಡಾಗಿ ಯಾವ ಲಾರಿಯಲ್ಲೂ ಘಟ್ಟ ಹತ್ತಿ ಬರುವುದಿಲ್ಲ. ನಿಜದಲ್ಲಿ ಇರುವ ಹಾಗೆ ಒಂದೂವರೆ ಮೀಟರ್‌ನ ಆರು ತುಂಡು ಮಾಡಿದೆ. ಈಗ ಆ ಗೆರೆ ಹಾಯುವ ಜಾಗದ ಎರಡು ತುಂಡುಗಳ ಕೇಂದ್ರ ಮುಕ್ಕಾಲು ಮೀಟರ್ ಮತ್ತು ಎರಡೂಕಾಲು ಮೀಟರ್‌ನಲ್ಲಿವೆ, ಕಿಟಕಿ ಮೂರರಲ್ಲಿ. ಸಾಲು ಸರಿಹೋಯಿತು. ಐದು ಡ್ರಾ ಕಾಲ್ ಹೆಚ್ಚಾದದ್ದನ್ನು ಫೋನು ಗಮನಿಸಲೂ ಇಲ್ಲ. ಜೊತೆಗೆ `depthWrite: false`.

ಇಷ್ಟಾದರೂ ಮಹಡಿಯ ಮೂಲೆಯಲ್ಲಿ, ಕಟಕಟೆ ಮತ್ತು ಕಿಟಕಿ ಓರೆಯಾಗಿ ಒಂದರ ಹಿಂದೊಂದು ಬರುವಲ್ಲಿ, ಬಣ್ಣ ಹಾರುವುದು ನಿಲ್ಲಲಿಲ್ಲ. ಆಗ ಕಾಗದ ತೆಗೆದುಕೊಂಡು ಕ್ರಮ ತಪ್ಪಿದರೆ ನಷ್ಟ ಎಷ್ಟು ಅಂತ ಲೆಕ್ಕ ಹಾಕಿದೆ. ಮೊದಲೇ ಮಾಡಬೇಕಿತ್ತು. ಆಲ್ಫಾ, ಅಂದರೆ ಹಿಂದಿನದನ್ನು ಮುಚ್ಚುವ ಪ್ರಮಾಣ, ಹಸಿರು ಗಾಜಿನದು 0.3, ಕೆಂಪಿನದು 0.6 ಅಂದುಕೊಳ್ಳಿ. ಹಸಿರು ಮುಂದಿದ್ದರೆ ಚಿತ್ರದಲ್ಲಿ ಹಸಿರಿನ ಪಾಲು 0.30, ಕೆಂಪಿನದು 0.7 × 0.6 = 0.42. ಕೆಂಪು ಮುಂದಿದ್ದರೆ ಕೆಂಪು 0.60, ಹಸಿರು 0.4 × 0.3 = 0.12. ಹಿಂದಿನ ತೋಟದ ಪಾಲು ಮಾತ್ರ ಎರಡರಲ್ಲೂ 0.28. ಅಂದರೆ ಕ್ರಮದಿಂದ ಕೆಡುವುದು ಗಾಜುಗಾಜಿನ ನಡುವಿನ ಬಣ್ಣದ ಹಂಚಿಕೆ ಅಷ್ಟೇ. ಎರಡೂ ಒಂದೇ ಬಣ್ಣದ್ದಾಗಿದ್ದರೆ ಕ್ರಮ ಏನಾದರೂ ಉತ್ತರ ಒಂದೇ. ಬರೀ ತಿಳಿಗಾಜಿನ ಮನೆಯಲ್ಲಿ ಸಾರ್ಟಿಂಗ್ ಬಗ್ಗೆ ತಲೆಕೆಡಿಸಿಕೊಂಡ ರಾತ್ರಿಗಳೆಲ್ಲ ದಂಡ.

ಇನ್ನೂ ಮುಖ್ಯವಾದದ್ದು, ಗಾಜು ನಿಜದಲ್ಲಿ ಆಲ್ಫಾದಂತೆ ನಡೆದುಕೊಳ್ಳುವುದೇ ಇಲ್ಲ. ಆಲ್ಫಾ ಅಂದರೆ ತೆಳುವಾಗಿ ಬಣ್ಣ ಬಳಿದ ಹಾಗೆ, ಹಿಂದಿನದನ್ನು ಮುಚ್ಚಿ ತನ್ನದನ್ನು ಸೇರಿಸುತ್ತದೆ. ಬಣ್ಣದ ಗಾಜು ಬೆಳಕನ್ನು ಸೋಸುತ್ತದೆ. ಸೋಸುವುದು ಗುಣಾಕಾರ, ಗುಣಾಕಾರಕ್ಕೆ ಹಿಂದುಮುಂದಿಲ್ಲ. ಹೀಗೆ ಬರೆದರೆ ಸಾಲೇ ಬೇಡ:

```js
const sosu = new THREE.MeshBasicMaterial({
  color: 0xc8e6d0,
  side: THREE.DoubleSide,
  transparent: true,
  depthWrite: false,
  toneMapped: false,
  blending: THREE.CustomBlending,
  blendSrc: THREE.ZeroFactor,
  blendDst: THREE.SrcColorFactor
});
```

ಗಾಜನ್ನು ದಪ್ಪವಿಲ್ಲದ ಒಂದೇ ಹಾಳೆಯಾಗಿ ಮಾಡಿ. ಪೆಟ್ಟಿಗೆಯಂತೆ ಮಾಡಿದರೆ ಎದುರು ಮೈ, ಹಿಂದಿನ ಮೈ ಎರಡರಲ್ಲೂ ಸೋಸಿ ಬಣ್ಣ ಕಪ್ಪಿಡುತ್ತದೆ. ಪ್ರತಿಫಲನವನ್ನು ಬೇರೆ ಹಾಳೆಯಲ್ಲಿ, ಕೂಡುವ ಬ್ಲೆಂಡಿಂಗ್‌ನಲ್ಲಿ, `renderOrder` ಹೆಚ್ಚಿಟ್ಟು ಕೊನೆಗೆ ಬರೆಯುತ್ತೇನೆ. ಕೂಡುವುದಕ್ಕೂ ಹಿಂದುಮುಂದಿಲ್ಲ. ಇದರಲ್ಲಿ ಒಂದು ಸಣ್ಣ ಸುಳ್ಳಿದೆ: ಹಿಂದಿನ ಗಾಜಿನ ಹೊಳಪು ಮುಂದಿನ ಗಾಜಿನಲ್ಲಿ ಸೋಸಿ ಬರಬೇಕಿತ್ತು, ಬರುವುದಿಲ್ಲ. ಸಾಮಾನ್ಯ ಗಾಜು ನೇರ ನೋಟಕ್ಕೆ ಒಂದೊಂದು ಮೈಯಲ್ಲಿ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಅಷ್ಟು ಸಣ್ಣ ಹೊಳಪು, ಮುಂದೆ ತಿಳಿಗಾಜಿದ್ದರೆ, ಒಂಚೂರು ಹೆಚ್ಚಾಗಿ ಕಂಡಿದ್ದನ್ನು ಈವರೆಗೆ ಯಾರೂ ಹಿಡಿದಿಲ್ಲ. ಕಡುಗೆಂಪು ಗಾಜಿನ ಹಿಂದೆ ಬಿಳಿ ಹೊಳಪು ಬಂದರೆ ಮಾತ್ರ ಕಾಣುತ್ತದೆ. ಬಚ್ಚಲಿನ ಮಬ್ಬು ಗಾಜಿಗೂ ಈ ಉಪಾಯ ಆಗುವುದಿಲ್ಲ, ಅದು ಸೋಸುವುದಷ್ಟೇ ಅಲ್ಲ, ತಾನೇ ಬೆಳ್ಳಗೆ ಕಾಣುತ್ತದೆ.

`MeshPhysicalMaterial` ಕೊಡುವ `transmission` ಯಾಕೆ ಬಳಸಲಿಲ್ಲ ಅಂತ ಕೇಳುವವರಿಗೆ: ಒಂಟಿ ಗಾಜಿನ ಲೋಟಕ್ಕೆ ಅದು ಬಹಳ ಚೆಂದ. ಆದರೆ ಅದು ಘನ ವಸ್ತುಗಳ ಚಿತ್ರವನ್ನು ಮೊದಲು ತೆಗೆದಿಟ್ಟುಕೊಂಡು ಅದರ ಮೂಲಕ ನೋಡುತ್ತದೆ, ಒಂದು ಗಾಜಿನ ಮೂಲಕ ಇನ್ನೊಂದು ಗಾಜು ಸಾಮಾನ್ಯವಾಗಿ ಕಾಣುವುದಿಲ್ಲ. ಗಾಜಿನ ಹಿಂದೆ ಗಾಜಿರುವ ಮನೆಗೆ ಅದು ದಕ್ಕದು.

ಹಾಗಾದರೆ ಕ್ರಮದ ಹಂಗಿಲ್ಲದ ಪಾರದರ್ಶಕತೆ, ನಾವು ಓಐಟಿ ಅನ್ನುವುದು, ಯಾವಾಗ ಬೇಕು? ನನಗೆ ಒಂದೇ ಒಂದು ಸಲ ಬೇಕಾಯಿತು. ದೇವರಕೋಣೆಯ ಬಾಗಿಲಿಗೆ ಬಣ್ಣಬಣ್ಣದ ಗಾಜಿನ ಮಣಿಗಳ ಪರದೆ ಬೇಕು ಅಂತ ಯಜಮಾನರ ಹೆಂಡತಿ ಹೇಳಿದರು. ನಾಲ್ಕು ಸಾವಿರ ಮಣಿ, ಒಂದೇ ಆಕಾರವನ್ನು ಸಾವಿರಾರು ಸಲ ಒಟ್ಟಿಗೆ ಬರೆಯುವ ಒಂದೇ `InstancedMesh`, ಗಾಳಿಗೆ ಓಲಾಡುವುದು ಗ್ರಾಫಿಕ್ಸ್ ಚಿಪ್‌ನಲ್ಲಿ ಓಡುವ ಶೇಡರ್‌ನೊಳಗೆ. `InstancedMesh` ತನ್ನೊಳಗಿನ ಮಣಿಗಳನ್ನು ತಾನಾಗಿ ಸಾಲು ಹಚ್ಚುವುದಿಲ್ಲ. ನಾನೇ ಹಚ್ಚೋಣ ಅಂದರೆ ಓಲಾಡಿದ ಮೇಲೆ ಯಾವ ಮಣಿ ಎಲ್ಲಿದೆ ಅಂತ ಜಾವಾಸ್ಕ್ರಿಪ್ಟ್‌ಗೆ ಗೊತ್ತೇ ಇಲ್ಲ.

ತ್ರೀ.ಜೆಎಸ್‌ನ ವೆಬ್‌ಜಿಎಲ್ ರೆಂಡರರ್‌ನಲ್ಲಿ ಸಿದ್ಧ ಓಐಟಿ ಇಲ್ಲ, `alphaHash` ಒಂದನ್ನು ಬಿಟ್ಟರೆ. ಅದು ಮಣಿಯನ್ನು ರಾಗಿಹಿಟ್ಟು ಎರಚಿದ ಹಾಗೆ ತೋರಿಸುತ್ತದೆ. ಪದರ ಸುಲಿಯುತ್ತ ಹೋಗುವ ಡೆಪ್ತ್ ಪೀಲಿಂಗ್ ನಿಖರ, ಆದರೆ ಒಂದೊಂದು ಪದರಕ್ಕೂ ನಾಲ್ಕು ಸಾವಿರ ಮಣಿಯನ್ನು ಮತ್ತೆ ಬರೆಯಬೇಕು. ಕೊನೆಗೆ ಮೆಕ್‌ಗ್ವಾಯರ್ ಮತ್ತು ಬವೊಯಿಲ್ 2013ರಲ್ಲಿ ಪ್ರಕಟಿಸಿದ ತೂಕದ ಸರಾಸರಿಯ ವಿಧಾನವನ್ನು ನಾನೇ ಬರೆದೆ. ಎಲ್ಲ ಪದರಗಳ ಬಣ್ಣವನ್ನು ತೂಕ ಹಾಕಿ ಕೂಡಿಡುವುದು, ಹಿಂದಿನದು ಎಷ್ಟು ಕಾಣಬೇಕೆಂಬುದನ್ನು ಬೇರೆಯಾಗಿ ಗುಣಿಸಿಡುವುದು, ಕೊನೆಗೊಮ್ಮೆ ಭಾಗಿಸಿ ಹಿನ್ನೆಲೆಯ ಮೇಲೆ ಹಾಕುವುದು. ನನ್ನ ಏರ್ಪಾಡಿನಲ್ಲಿ ಪಿಕ್ಸೆಲ್‌ಗೆ 10 ಬೈಟ್, 1920 × 1080ಕ್ಕೆ ಸುಮಾರು 20 ಎಂಬಿ. ಅಂಚು ನಯವಾಗಿಸಲು ನಾಲ್ಕು ಸ್ಯಾಂಪಲ್ ಇಟ್ಟರೆ 80ರ ಮೇಲೆ. ಈ ಮೆಮೊರಿಯನ್ನು ಪ್ರತಿ ಫ್ರೇಮಿಗೂ ಓದಿ ಬರೆಯಬೇಕು, ನನ್ನ ಹಳೇ ಫೋನು ಹತ್ತು ನಿಮಿಷಕ್ಕೆ ಬಿಸಿ ಬಿಸಿ.

ಚಿತ್ರ ಹೇಗಿತ್ತು? ಮಣಿಗಳಿಗೆ ಚೆನ್ನಾಗಿತ್ತು. ಹತ್ತಾರು ಪದರ ಒಂದರ ಮೇಲೊಂದು ಬಿದ್ದಾಗ ಯಾವ ಮಣಿ ಮುಂದೆ ಅಂತ ಕಣ್ಣು ಎಣಿಸುವುದಿಲ್ಲ, ಬಣ್ಣ ಹಾರದಿದ್ದರೆ ಸಾಕು. ಹುಮ್ಮಸ್ಸಿನಲ್ಲಿ ಮನೆಯ ಎಲ್ಲ ಗಾಜನ್ನೂ ಅದಕ್ಕೇ ಹಾಕಿದೆ, ಅಲ್ಲಿ ಕೆಟ್ಟಿತು. ಬಚ್ಚಲಿನ ಮಬ್ಬು ಗಾಜಿನ ಆಲ್ಫಾ 0.9, ಅದರ ಹಿಂದೆ 0.5ರ ಕೆಂಪು ಗಾಜು. ಕೆಂಪಿನ ನಿಜವಾದ ಪಾಲು 0.1 × 0.5, ಅಂದರೆ 0.05. ತೂಕ ಸಮನಾಗಿದ್ದರೆ ಈ ವಿಧಾನ ಕೊಡುವುದು 0.5 ÷ 1.4 × 0.95, ಸುಮಾರು 0.34. ಮಬ್ಬು ಗಾಜಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕಂಡಿತು. ಹತ್ತಿರದ್ದಕ್ಕೆ ಹೆಚ್ಚು ತೂಕ ಕೊಡುವ ಸೂತ್ರಗಳು ಇವೆ, ಆದರೆ ಅವು ದೂರದ ಅಂತರ ದೊಡ್ಡದಿದ್ದಾಗ ಕೆಲಸ ಮಾಡುತ್ತವೆ. ಒಂದು ಗೇಣು ಅಂತರದ ಎರಡು ಗಾಜಿಗೆ ಹೆಚ್ಚುಕಮ್ಮಿ ಒಂದೇ ತೂಕ ಬೀಳುತ್ತದೆ. ಆದ್ದರಿಂದ ಗಾಜಿನ ಹಾಳೆಗಳನ್ನೆಲ್ಲ ವಾಪಸ್ ಸೋಸುವ ಮೆಟೀರಿಯಲ್‌ಗೆ, ಒಂದು ಮಬ್ಬು ಗಾಜನ್ನು ಮಾಮೂಲಿ ಸಾರ್ಟಿಂಗ್‌ಗೆ ಕಳಿಸಿ, ಓಐಟಿಯನ್ನು ಮಣಿಪರದೆಗೆ ಮಾತ್ರ ಉಳಿಸಿಕೊಂಡೆ.

ಎಂಟು ದಿನದ ಕೆಲಸ. ಮುಂದಿನ ಸಲ ಜಗುಲಿಯಲ್ಲಿ ಫೋನು ಕೈಗೆ ಕೊಟ್ಟಾಗ ಅಮ್ಮನವರು ಮಣಿಪರದೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಸೊಸೆಗೆ ಹೇಳಿದರು: "ಚಂದ ಉಂಟು. ಆದ್ರೆ ಬೇಡ ಮಾರಾಯ್ತಿ, ಮೊಮ್ಮಗ ಒಂದೇ ದಿನದಲ್ಲಿ ಎಳೆದು ಹಾಕ್ತಾನೆ." ಪರದೆ ನಕ್ಷೆಯಿಂದ ಹೋಯಿತು. ಓಐಟಿಯ ಕೋಡನ್ನೂ ಅದರ ಜೊತೆಗೇ ತೆಗೆದೆ, ಫೋನು ತಣ್ಣಗಾಯಿತು.