ಮುಂದಿನ ಗಾಜು ಬದಲಾದ ಮೇಲೆ ಫಾಸ್ಟ್ಯಾಗ್: ಹುಬ್ಬಳ್ಳಿ–ಬ್ಯಾಡಗಿ ದಾರಿಯ ಅನುಭವ

ನಾನು ಹುಬ್ಬಳ್ಳಿಯವನು. ಮೆಣಸಿನಕಾಯಿ ವ್ಯಾಪಾರದ ಸಲುವಾಗಿ ಬ್ಯಾಡಗಿಗೆ ಓಡಾಟ ಜಾಸ್ತಿ. ಶಿಗ್ಗಾಂವಿ ದಾಟಿ ಬಂಕಾಪುರ ಟೋಲ್ ಮೂಲಕವೇ ಹೋಗಬೇಕು. ರಾಣೆಬೆನ್ನೂರಿನ ಆಚೆ ಕೆಲಸ ಬಿದ್ದರೆ ಚಳಗೇರಿ ಟೋಲ್, ಗದಗದ ಕಡೆ ಹೋದರೆ ನಲವಡಿ ಟೋಲ್. ಫಾಸ್ಟ್ಯಾಗ್ ಕಡ್ಡಾಯವಾದ 2021ರಿಂದ ಒಂದೇ ಬ್ಯಾಂಕಿನ ಟ್ಯಾಗ್, ಒಂದೇ ಕಾರು. ಮೊದಲ ವರ್ಷಗಳಲ್ಲಿ ಟೋಲ್ ಬಂತು, ಗೇಟ್ ಎದ್ದಿತು, ಮೊಬೈಲಿಗೆ ಮೆಸೇಜ್ ಬಂತು, ಅಷ್ಟೇ. ಬರೆಯುವಂಥದ್ದು ಏನೂ ಇರಲಿಲ್ಲ.

ಬರೆಯಲು ವಿಷಯ ಸಿಕ್ಕಿದ್ದು ಮುಂದಿನ ಗಾಜು ಒಡೆದಾಗ. ಜಲ್ಲಿ ಲಾರಿಯಿಂದ ಹಾರಿದ ಕಲ್ಲು ಬಡಿದು ಗಾಜಿನಲ್ಲಿ ಬಿರುಕು ಬಿಟ್ಟಿತು. ಗಾಜು ಬದಲಿಸಿದರೆ ಟ್ಯಾಗ್ ಕೂಡ ಹೋಯಿತು ಎಂದೇ ಲೆಕ್ಕ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಟ್ಯಾಗನ್ನು ಕಿತ್ತು ಬೇರೆ ಗಾಡಿಗೆ ಅಂಟಿಸಬಾರದು ಅಂತಲೇ, ಕೀಳಲು ಹೋದರೆ ಹರಿಯುವ ಹಾಗೆ ಅದನ್ನು ಮಾಡಿರುತ್ತಾರೆ. ಹಳೆಯ ಗಾಜಿನ ಮೇಲಿದ್ದ ನನ್ನ ಟ್ಯಾಗನ್ನು ಸುಮ್ನೆ ಕೆರೆದು ನೋಡಿದೆ. ಕಾಗದ ಕೈಗೆ ಬಂತು, ಒಳಗಿನ ಬೆಳ್ಳಿ ಬಣ್ಣದ ತೆಳುವಾದ ಗೆರೆಗಳು ಗಾಜಿನ ಮೇಲೇ ಉಳಿದವು. ಆ ಗೆರೆಗಳೇ ಟ್ಯಾಗಿನ ಆಂಟೆನಾ. ನಡುವೆ ಸಾಸಿವೆಗಿಂತ ಚಿಕ್ಕದಾದ ಚಿಪ್. ಗೆರೆ ತುಂಡಾದರೆ ಟ್ಯಾಗ್ ಸತ್ತಂತೆ. ಗಮ್ ಹಚ್ಚಿದರೂ, ಸೆಲೋ ಟೇಪ್ ಹಾಕಿದರೂ ಉಪಯೋಗವಿಲ್ಲ.

ಬ್ಯಾಂಕಿನ ಆ್ಯಪ್‌ನಲ್ಲಿ ಟ್ಯಾಗ್ ಬದಲಿಸುವ ಆಯ್ಕೆ ಇರುತ್ತದೆ. ಗಾಜು ಒಡೆದಿದೆ ಎಂದು ಕಾರಣ ಕೊಟ್ಟು ಆರ್‌ಸಿ ಫೋಟೋ ಹಾಕಿದೆ. ಅದೇ ಬ್ಯಾಂಕಿನಲ್ಲಿ ಬದಲಿ ಟ್ಯಾಗ್ ತೆಗೆದುಕೊಂಡಿದ್ದಕ್ಕೆ ಖಾತೆಯಲ್ಲಿದ್ದ ಹಣ ಹಾಗೇ ಉಳಿಯಿತು, ಹಳೆಯ ಟ್ಯಾಗ್ ಬಂದ್ ಆಯಿತು. ಬೇರೆ ಬ್ಯಾಂಕಿನ ಹೊಸ ಟ್ಯಾಗ್ ತೆಗೆದುಕೊಳ್ಳುವವರು ಹಳೆಯದನ್ನು ಮೊದಲು ಕ್ಲೋಸ್ ಮಾಡಿಸಬೇಕು. ಈಗ ಒಂದು ಗಾಡಿಗೆ ಒಂದೇ ಟ್ಯಾಗ್. ಹೊಸ ಟ್ಯಾಗ್ ಕೈಗೆ ಬಂದಾಗ ಆ್ಯಪ್‌ನಲ್ಲಿ ಕಾಣುವ ಗಾಡಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹಿಡಿದು ತಾಳೆ ನೋಡಿ. ಸೊನ್ನೆ ಇರುವ ಕಡೆ ಇಂಗ್ಲಿಷಿನ ಓ ಅಕ್ಷರ ಸೇರಿದರೂ ಟ್ಯಾಗ್ ಬೇರೆ ಯಾವುದೋ ಗಾಡಿಯದ್ದಾಗಿ ಬಿಡುತ್ತದೆ. ಹೊಸ ಕಾರಿನವರಿಗೆ ಇನ್ನೊಂದು ಮಾತು. ಶೋರೂಮಿನಲ್ಲಿ ಚಾಸಿಸ್ ನಂಬರಿನ ಮೇಲೆ ಟ್ಯಾಗ್ ಕೊಟ್ಟಿದ್ದರೆ, ಕೆಎ 63 ಆಗಲಿ ಕೆಎ 27 ಆಗಲಿ, ನಂಬರ್ ಬಂದ ಕೂಡಲೇ ಬ್ಯಾಂಕಿಗೆ ಕೊಟ್ಟು ಸೇರಿಸಬೇಕು. ತಡ ಮಾಡಿದರೆ ಟ್ಯಾಗ್ ಕಪ್ಪುಪಟ್ಟಿಗೆ ಹೋಗುತ್ತದೆ.

ಗಾಡಿ ನಂಬರಿಗೆ ಹೊಸ ಟ್ಯಾಗ್ ಲಿಂಕ್ ಮಾಡುವ ಕೆಲಸ ಸಲೀಸಾಗಿ ಮುಗಿಯಿತು. ತೊಂದರೆ ಶುರುವಾಗಿದ್ದು ಅಂಟಿಸಿದ ಮೇಲೆ. ಗಾಜು ಹಾಕಿದ ಅಂಗಡಿಯ ಹುಡುಗರೇ ಟ್ಯಾಗನ್ನೂ ಅಂಟಿಸಿ ಕಾರು ಕೊಟ್ಟರು. ಗಾಜಿನ ತೀರಾ ಮೇಲಂಚಿನಲ್ಲಿ, ಛಾವಣಿಯ ತಗಡಿಗೆ ತಾಗುವಷ್ಟು ಹತ್ತಿರ. ನೋಡೋಕೆ ನೀಟಾಗಿತ್ತು, ಡ್ರೈವರ್ ಕಣ್ಣಿಗೂ ಅಡ್ಡ ಬರುತ್ತಿರಲಿಲ್ಲ. ಆದರೆ ಅಲ್ಲಿಂದ ಟೋಲ್‌ಗಳಲ್ಲಿ ಹೊಸ ರಗಳೆ. ಒಂದು ದಿನ ಗೇಟ್ ಎದ್ದರೆ ಇನ್ನೊಂದು ದಿನ ಏಳುತ್ತಿರಲಿಲ್ಲ. ಒಂದು ಟೋಲ್‌ನಲ್ಲಿ ಬೂತಿನ ಹುಡುಗ ತಲೆ ಹೊರಗೆ ಹಾಕಿ, "ಸರ, ಓದವಲ್ದು, ಸ್ವಲ್ಪ ಹಿಂದ ತಗೋರಿ" ಅಂದ. ಹಿಂದೆ ತಗೊಂಡು ಮತ್ತೆ ಮುಂದೆ ಬಂದಾಗ ಓದಿತು. ಮತ್ತೊಂದು ಸಲ ಹಾಗೂ ಓದಲಿಲ್ಲ. ಹಿಂದಿನ ಲಾರಿಯವರ ಹಾರ್ನ್ ಬೇರೆ.

ಇಲ್ಲಿ ನಾನು ಕಲಿತ ಮುಖ್ಯ ವಿಷಯ ಇದು. ಬೂತಿನಲ್ಲಿ "ಟ್ಯಾಗ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ತೊಂದರೆ ಇರುತ್ತವೆ. ಒಂದು, ಲೇನಿನ ಮೇಲೆ ಕೂರಿಸಿದ, ಟ್ಯಾಗ್ ಓದುವ ಯಂತ್ರವಾದ ರೀಡರಿಗೆ ಟ್ಯಾಗ್ ಕಾಣುತ್ತಲೇ ಇಲ್ಲ. ಇನ್ನೊಂದು, ಟ್ಯಾಗ್ ಕಂಡಿದೆ, ಆದರೆ ಹಣ ಸಾಲದೆಯೋ ಕೆವೈಸಿ ಬಾಕಿಯಾಗಿಯೋ ಅದು ಕಪ್ಪುಪಟ್ಟಿಯಲ್ಲಿದೆ. ಮೊದಲನೆಯದಕ್ಕೆ ಎಷ್ಟು ರೀಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ. ಎರಡನೆಯದಕ್ಕೆ ಹೊಸ ಟ್ಯಾಗ್ ತಂದು ಅಂಟಿಸಿದರೂ ಬಾಕಿ ಹಾಗೇ ಇರುತ್ತದೆ. ಹಾಗಾಗಿ ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು, ಅಲ್ವಾ?

ಅದಕ್ಕೆ ಬೂತಿನವರನ್ನು ಸಮಾಧಾನದಿಂದ ಒಂದೇ ಮಾತು ಕೇಳಿ: "ಸ್ಕ್ರೀನಿನ ಮ್ಯಾಲೆ ನಮ್ಮ ಗಾಡಿ ನಂಬರ್ ಬಂತೇನ್ರಿ?" ನಂಬರ್ ಬಂದು ಪಕ್ಕದಲ್ಲಿ ಬ್ಲ್ಯಾಕ್‌ಲಿಸ್ಟ್ ಅಂತ ತೋರಿಸಿದರೆ ನಿಮ್ಮ ಟ್ಯಾಗ್, ಗಾಜು, ಅಂಟಿಸಿದ ಜಾಗ ಎಲ್ಲ ಸರಿ ಇದೆ, ತಕರಾರು ಬ್ಯಾಂಕಿನ ಕಡೆಯದು. ಸ್ಕ್ರೀನ್ ಮೇಲೆ ಏನೂ ಬರದಿದ್ದರೆ ಕೈಯಲ್ಲಿ ಹಿಡಿಯುವ ಮಷಿನ್ ತರಲು ಹೇಳಿ. ಗಾಜಿನ ಹತ್ತಿರ ಹಿಡಿದಾಗ ಅದು ಓದಿದರೆ ಟ್ಯಾಗ್ ಜೀವಂತ ಇದೆ, ದೂರಕ್ಕೆ ಸಿಗ್ನಲ್ ಮುಟ್ಟುತ್ತಿಲ್ಲ ಅಂತ ಅರ್ಥ. ಹತ್ತಿರ ಹಿಡಿದರೂ ಓದದಿದ್ದರೆ ಟ್ಯಾಗೇ ಹೋಗಿರುವ ಸಂಭವ ಹೆಚ್ಚು. ನನ್ನ ಕಾರಿನಲ್ಲಿ ಸ್ಕ್ರೀನ್ ಖಾಲಿ ಇತ್ತು, ಕೈ ಮಷಿನ್ ತಕ್ಷಣ ಓದಿತು. ಮನೆಗೆ ಬಂದು, ಫಾಸ್ಟ್ಯಾಗ್ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಟ್ಯಾಗ್ ಆ್ಯಕ್ಟಿವ್ ಅಂತಲೇ ಇತ್ತು. ಅಲ್ಲಿಗೆ ಬ್ಯಾಂಕಿನ ಮೇಲಿನ ಅನುಮಾನ ಹೋಯಿತು. ಉಳಿದಿದ್ದು ಅಂಟಿಸಿದ ಜಾಗ.

ಜಾಗ ಯಾಕೆ ಇಷ್ಟು ಮುಖ್ಯ ಅಂದರೆ, ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ. ಲೇನಿನ ಮೇಲಿರುವ ರೀಡರ್ 865ರಿಂದ 867 ಮೆಗಾಹರ್ಟ್ಸ್ ರೇಡಿಯೋ ಅಲೆ ಬಿಡುತ್ತದೆ. ಆ ಅಲೆಯಿಂದಲೇ ಚಿಪ್‌ಗೆ ಶಕ್ತಿ ಸಿಗುತ್ತದೆ, ಅದೇ ಶಕ್ತಿಯಲ್ಲಿ ಅದು ತನ್ನ ನಂಬರನ್ನು ವಾಪಸ್ ಹೇಳುತ್ತದೆ. ಸಿಗುವ ಶಕ್ತಿ ಬಹಳ ಕಡಿಮೆ. ಪಕ್ಕದಲ್ಲೇ ತಗಡು ಇದ್ದರೆ ಆಂಟೆನಾದ ಹದ ಕೆಡುತ್ತದೆ, ಸಿಗಬೇಕಾದಷ್ಟು ಶಕ್ತಿ ಸಿಗುವುದಿಲ್ಲ. ಆಗ ಟ್ಯಾಗ್ ಪೂರ್ತಿ ನಿಲ್ಲುವುದಿಲ್ಲ, ಅಂಚಿನಲ್ಲಿ ಕೆಲಸ ಮಾಡುತ್ತದೆ. ಕಾರು ಒಂದಿಷ್ಟು ಹಿಂದೆ ಮುಂದೆ ಆದಾಗ ಕೋನ ಬದಲಾಗಿ ಓದುತ್ತದೆ, ಇಲ್ಲದಿದ್ದರೆ ಇಲ್ಲ. ಒಮ್ಮೆ ಓದಿ ಒಮ್ಮೆ ಓದದಿರುವ ಟ್ಯಾಗ್ ಸಿಕ್ಕರೆ ಮೊದಲು ಸುತ್ತಮುತ್ತಲಿನ ಲೋಹವನ್ನೇ ನೋಡಿ. ಡ್ಯಾಶ್‌ಕ್ಯಾಮ್ ಹಿಡಿಕೆ, ಮ್ಯಾಗ್ನೆಟ್ ಇರುವ ಮೊಬೈಲ್ ಸ್ಟ್ಯಾಂಡ್, ಲೋಹದ ಅಂಶ ಇರುವ ಸನ್ ಫಿಲ್ಮ್, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಕೆಲವು ದುಬಾರಿ ಕಾರುಗಳಲ್ಲಿ ಬಿಸಿಲಿನ ಶಾಖ ತಡೆಯಲು ಗಾಜಿಗೇ ತೆಳುವಾದ ಲೋಹದ ಲೇಪ ಇರುತ್ತದೆ. ಅಂಥ ಗಾಜಿನಲ್ಲಿ ಲೇಪವಿಲ್ಲದ ಒಂದು ಕಿಟಕಿಯಷ್ಟು ಜಾಗವನ್ನು ಕಂಪನಿಯವರು ಸಾಮಾನ್ಯವಾಗಿ ಕನ್ನಡಿಯ ಹತ್ತಿರ ಬಿಟ್ಟಿರುತ್ತಾರೆ. ಎಲ್ಲಿದೆ ಅಂತ ಕಾರಿನ ಪುಸ್ತಕದಲ್ಲಿ ಸಿಗುತ್ತದೆ. ಟ್ಯಾಗ್ ಅಲ್ಲೇ ಬರಬೇಕು.

ಅಂಟಿಸಿದ್ದನ್ನು ಕಿತ್ತು ಕೆಳಗೆ ಸರಿಸಲು ಆಗಲ್ಲ. ಮತ್ತೆ ಬದಲಿ ಟ್ಯಾಗ್ ತರಿಸಿದೆ. ಈ ಸಲ ಅಂಗಡಿಗೆ ಬಿಡದೆ ಮನೆಯ ಅಂಗಳದಲ್ಲಿ ನಾನೇ ಕೂತು ಹಚ್ಚಿದೆ. ಗಾಜಿನ ಒಳಭಾಗ, ನಡುವೆ, ಒಳಗಿನ ಕನ್ನಡಿಯ ಹಿಂದೆ. ಛಾವಣಿ ಅಂಚಿನಿಂದ ನಾಲ್ಕು ಬೆರಳು ಕೆಳಗೆ. ಅಂಟಿಸುವ ಮೊದಲು ಬ್ಯಾಕಿಂಗ್ ಕಾಗದ ತೆಗೆಯದೆ ಟ್ಯಾಗನ್ನು ಆ ಜಾಗಕ್ಕೆ ಹಿಡಿದು, ಹೊರಗೆ ನಿಂತು ಕಾಣುತ್ತದೆಯೇ, ಕನ್ನಡಿಯ ಲೋಹದ ಕಾಲು ಅಡ್ಡ ಬರುತ್ತದೆಯೇ ಅಂತ ಮಗಳ ಕೈಲಿ ನೋಡಿಸಿದೆ. ಆಮೇಲೆ ಗಾಜಿನ ಒಳಗಿನ ಎಣ್ಣೆ ಜಿಡ್ಡನ್ನು ಸ್ಪಿರಿಟ್ ಹಾಕಿ ಒರೆಸಿ, ಪೂರ್ತಿ ಒಣಗಿಸಿದೆ. ಬ್ಯಾಕಿಂಗ್ ಕಾಗದ ಒಂದು ಅಂಚಿನಿಂದ ನಿಧಾನಕ್ಕೆ ಬಿಡಿಸಿ, ಟ್ಯಾಗ್ ಮಡಚದ ಹಾಗೆ ಇಟ್ಟು, ನಡುವಿನಿಂದ ಅಂಚಿಗೆ ಬಟ್ಟೆಯಿಂದ ಒತ್ತಿದೆ. ಗುಳ್ಳೆ ಉಳಿದರೆ ಬಿಸಿಲಿಗೆ ಆ ಕಡೆಯಿಂದಲೇ ಏಳಲು ಶುರುವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಗಾಡಿ ನಿಲ್ಲಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಅಲ್ಲಿಂದ ಹಿಂದೆ ತಗೊಳ್ಳುವ ಪ್ರಸಂಗ ಬಂದಿಲ್ಲ. ಜೋರು ಮಳೆಯಲ್ಲೂ ಓದಿದೆ, ಎರೆಮಣ್ಣಿನ ಹೊಲದ ದಾರಿಯಿಂದ ಬಂದಾಗಲೂ ಓದಿದೆ. ಆದರೆ ಹಸಿ ಕೆಸರು ಗಾಜಿನ ಮೇಲೆ ದಪ್ಪಗೆ ಕೂತಿದ್ದರೆ ಟೋಲ್‌ಗೆ ಮುಂಚೆ ವೈಪರ್ ಹಾಕಿಬಿಡುತ್ತೇನೆ; ನೀರಿನ ಅಂಶ ಈ ಅಲೆಯನ್ನು ಹೀರುತ್ತದೆ. ಲೇನಿನಲ್ಲಿ ಮುಂದಿನ ಗಾಡಿಯಿಂದ ಒಂದು ಕಾರಿನಷ್ಟು ಅಂತರ ಬಿಡುತ್ತೇನೆ. ಮೆಣಸಿನಕಾಯಿ ಚೀಲ ಹೇರಿದ ಲಾರಿಯ ಬೆನ್ನಿಗೆ ಅಂಟಿಕೊಂಡು ನಿಂತರೆ ಲಾರಿಯೇ ರೀಡರಿಗೆ ಅಡ್ಡ. ಇಲ್ಲವೇ ಎರಡೂ ಟ್ಯಾಗ್ ಒಟ್ಟಿಗೆ ಕಂಡು ಯಾವ ಗಾಡಿ ಮೊದಲು ಅಂತ ಗೊಂದಲ ಆಗುತ್ತದೆ.

ಸೇವೆಯ ಬಗ್ಗೆ ಹೇಳುವುದಾದರೆ ಟ್ಯಾಗಿಗೆ ಐದರಲ್ಲಿ ನಾಲ್ಕೂವರೆ, ಬ್ಯಾಂಕಿನ ಆ್ಯಪ್‌ಗೆ ಮೂರು. ಓದದ ದಿನಗಳಲ್ಲಿ ಒಮ್ಮೆ ಬೂತಿನಲ್ಲಿ ಯುಪಿಐ ಮೂಲಕ ಕಟ್ಟಿ ದಾಟಿದ್ದೆ. ಸಂಜೆ ನೋಡಿದರೆ ಅದೇ ಟೋಲ್‌ಗೆ ಟ್ಯಾಗಿನಿಂದಲೂ ಹಣ ಹೋಗಿತ್ತು. ರಸೀದಿ ಇಟ್ಟುಕೊಂಡಿದ್ದರಿಂದ ಆ್ಯಪ್‌ನಲ್ಲಿ ದೂರು ಹಾಕಿ, ರಸೀದಿಯ ಫೋಟೋ ಸೇರಿಸಿದೆ. ಹಣ ವಾಪಸ್ ಬಂತು, ಆದರೆ ಮಧ್ಯೆ ಏನಾಗುತ್ತಿದೆ ಅಂತ ಆ್ಯಪ್ ಒಂದು ಮಾತೂ ಹೇಳಲಿಲ್ಲ. ಮೂರು ಅಂಕ ಕೊಟ್ಟಿದ್ದು ಅದಕ್ಕೇ.

ಹಣದ ಲೆಕ್ಕವೂ ಈಗ ಬಿಗಿಯಾಗಿದೆ. ನವೆಂಬರ್ 15, 2025ರಿಂದ ರಾಷ್ಟ್ರೀಯ ಹೆದ್ದಾರಿಯಲ್ಲಿ ಸರಿಯಾದ ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು. ಅಂದರೆ ನೂರು ರೂಪಾಯಿ ಟೋಲ್‌ಗೆ ನಗದಾದರೆ 200, ಯುಪಿಐ ಆದರೆ 125. ಅದೇ ರೀತಿ 2018ರಿಂದ ಇನ್ನೊಂದು ನಿಯಮವೂ ಇದೆ. ಟ್ಯಾಗ್ ಚಾಲ್ತಿಯಲ್ಲಿದ್ದು, ಸಾಕಷ್ಟು ಹಣ ಇದ್ದು, ಟೋಲಿನ ಯಂತ್ರವೇ ಕೆಟ್ಟಿದ್ದರೆ ಹಣ ಕೊಡದೆ ದಾಟಬಹುದು. ಬೂತಿನವರು ಸೊನ್ನೆ ಮೊತ್ತದ ರಸೀದಿ ಕೊಡಬೇಕು. ಕೊಡಲು ಒಪ್ಪದಿದ್ದರೆ ಅಲ್ಲಿಂದಲೇ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಆದರೆ ಅದಕ್ಕೂ ಮೊದಲು ಪಕ್ಕದ ಲೇನಿನಲ್ಲಿ ಬೇರೆಯವರ ಟ್ಯಾಗ್ ಓದುತ್ತಿದೆಯೇ, ನಿಮ್ಮ ಲೇನಿನಲ್ಲಿ ನಿಮ್ಮ ಹಿಂದೆ ಮುಂದೆ ಇದ್ದವರದ್ದು ಓದಿತೇ ಅಂತ ಒಂದು ಕಣ್ಣು ಹಾಯಿಸಿ. ಎಲ್ಲರದ್ದೂ ನಿಂತಿದ್ದರೆ ಯಂತ್ರದ ತೊಂದರೆ. ನಿಮ್ಮದೊಂದೇ ನಿಂತಿದ್ದರೆ ಕನ್ನಡಿಯ ಹಿಂದೆ ನೋಡಿ.